ಮುಚ್ಚುವ ಮುನ್ನ

ಹೊಸ ಕಟ್ಟಡವನ್ನು ಕಟ್ಟುವವನಿಗೆ ನಕ್ಷೆಯೇ ದಾರಿ. ಬರಿಯ ನೆಲದ ಮೇಲೆ ಅವನು ಏನನ್ನು ಇರಿಸುತ್ತಾನೆಯೋ ಅಷ್ಟೇ ಅಲ್ಲಿರುತ್ತದೆ. ಹಳೆಯ ಕಟ್ಟಡದ ನವೀಕರಣಕ್ಕೆ ಕೈಹಾಕಿದವನ ಸ್ಥಿತಿ ಹಾಗಲ್ಲ. ಗೋಡೆಯ ಒಳಗೆ, ಹೆಂಚಿನ ಕೆಳಗೆ, ನೆಲಗಟ್ಟಿನ ಅಡಿಯಲ್ಲಿ ಏನಿದೆ ಎಂಬುದು ಬಿಚ್ಚಿದ ಮೇಲೆಯೇ ತಿಳಿಯುತ್ತದೆ. ಬಿಚ್ಚಿದ್ದನ್ನು ಮತ್ತೆ ಮುಚ್ಚಿದರೆ ಅದು ಯಾರ ಕಣ್ಣಿಗೂ ಬೀಳದು. ಬಿಚ್ಚುವುದಕ್ಕೂ ಮುಚ್ಚುವುದಕ್ಕೂ ನಡುವೆ ದೊರೆಯುವ ಕಾಲ ಅಲ್ಪವಾದುದು. ಆ ಅಲ್ಪಕಾಲದಲ್ಲಿ ನೋಡುವುದು, ನಿರ್ಣಯಿಸುವುದು, ಬರೆದಿಡುವುದು—ಈ ಮೂರು ಕೆಲಸಗಳೂ ನಡೆದುಹೋಗಬೇಕು. ನವೀಕರಣದ ವೇಳೆ ವಾಸ್ತುಶಿಲ್ಪಿಯ ಹೊಣೆಯೆಲ್ಲ ಈ ಮೂರರಲ್ಲಿಯೇ ಅಡಗಿದೆ.

ಇದನ್ನು ತಿಳಿಯಲು ಒಂದು ಕಟ್ಟಡವನ್ನು ಕಲ್ಪಿಸಿಕೊಳ್ಳಬಹುದು. ಮಲೆನಾಡಿನ ಒಂದು ಊರಿನಲ್ಲಿ ಹಳೆಯ ಶಾಲೆಯೊಂದಿದೆ. ಅದರ ಗೋಡೆಗಳು ಜಂಬಿಟ್ಟಿಗೆಯವು. ಸುಣ್ಣದ ಗಾರೆಯಲ್ಲಿ ಕಟ್ಟಿದವು. ಮೇಲೆ ಮಂಗಳೂರು ಹೆಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಪಶ್ಚಿಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಇಂತಹ ಮಾಡುಗಳು ಎಲ್ಲೆಡೆ ಹರಡಿದವು. ಈ ಶಾಲೆಯ ಮಾಡನ್ನು ಹೊತ್ತಿರುವುದು ತ್ರಿಕೋನಾಕಾರದ ಹತ್ತು ಮರದ ಚೌಕಟ್ಟುಗಳು. ಇವನ್ನು ಕೆಲಸಗಾರರು ಟ್ರಸ್ಸುಗಳೆಂದು ಕರೆಯುತ್ತಾರೆ. ಪ್ರತಿಯೊಂದು ಟ್ರಸ್ಸಿನ ಎರಡು ತುದಿಗಳೂ ಗೋಡೆಯೊಳಗೆ ಹುದುಗಿವೆ; ಅಂದರೆ ಒಟ್ಟು ಇಪ್ಪತ್ತು ತುದಿಗಳು. ಟ್ರಸ್ಸುಗಳ ಮೇಲೆ ಅಡ್ಡತೊಲೆಗಳು, ಅವುಗಳ ಮೇಲೆ 120 ಪಕ್ಕಾಸುಗಳು, ಅವುಗಳ ಮೇಲೆ ರೀಪುಗಳು, ರೀಪುಗಳ ಮೇಲೆ ಹೆಂಚು. ಮಾಡು ಸೋರುತ್ತಿದೆ, ಗೋಡೆಯ ಗಿಲಾವು ಉದುರುತ್ತಿದೆ, ನೆಲ ಒಡೆದಿದೆ. ಶಾಲೆಯ ಆಡಳಿತ ಸಮಿತಿಯು ವಾಸ್ತುಶಿಲ್ಪಿಯೊಬ್ಬರನ್ನು ನೇಮಿಸಿ, ಗುತ್ತಿಗೆದಾರನೊಬ್ಬನೊಡನೆ ಒಪ್ಪಂದ ಮಾಡಿಕೊಂಡಿದೆ. ಬೇಸಗೆಯ ರಜೆಯಲ್ಲಿ ಕೆಲಸ ಆರಂಭವಾಗಿದೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯುತ್ತದೆ, ಮಕ್ಕಳೂ ಬರುತ್ತಾರೆ.

ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ವಾಸ್ತುಶಿಲ್ಪಿಯು ದಿನವಿಡೀ ಕೆಲಸದ ಸ್ಥಳದಲ್ಲಿ ನಿಂತಿರುವವನಲ್ಲ. ಭಾರತದಲ್ಲಿ 1972ರ ವಾಸ್ತುಶಿಲ್ಪಿಗಳ ಅಧಿನಿಯಮದಂತೆ ಸ್ಥಾಪಿತವಾದ ವಾಸ್ತುಶಿಲ್ಪ ಪರಿಷತ್ತು ಈ ವೃತ್ತಿಯ ನಿಯಮಗಳನ್ನು ರೂಪಿಸಿದೆ. ಅವುಗಳ ಪ್ರಕಾರ ಆತನು ಕಟ್ಟಿಸುವವರೊಡನೆ ಗೊತ್ತುಪಡಿಸಿಕೊಂಡ ಅಂತರದಲ್ಲಿ ಸ್ಥಳಕ್ಕೆ ಬಂದು ಕೆಲಸವನ್ನು ಪರಿಶೀಲಿಸುತ್ತಾನೆ. ಪ್ರತಿನಿತ್ಯದ ಉಸ್ತುವಾರಿಗೆ ಬೇರೊಬ್ಬ ಮೇಲ್ವಿಚಾರಕನಿರುತ್ತಾನೆ. ಶಾಲೆಯ ಕೆಲಸದಲ್ಲಿ ವಾಸ್ತುಶಿಲ್ಪಿಯವರು ವಾರಕ್ಕೊಮ್ಮೆ ಬರುವುದೆಂದು ನಿಶ್ಚಯವಾಗಿತ್ತು.

ವಾರಕ್ಕೊಮ್ಮೆ ಬರುವವನ ಕಣ್ಣಿಗೆ ಉಳಿದ ಆರು ದಿನಗಳ ಕೆಲಸ ಬೀಳುವುದು ಹೇಗೆ? ಇದಕ್ಕೆ ಪರಿಹಾರವೆಂದರೆ ಕೆಲಸದಲ್ಲಿ ಕೆಲವು ತಡೆಗಳನ್ನು ಮೊದಲೇ ನಿಗದಿಪಡಿಸುವುದು. ಯಾವ ಭಾಗವು ಮುಚ್ಚಿಹೋಗಿ ಮತ್ತೆ ಕಾಣದೋ ಆ ಭಾಗವನ್ನು ವಾಸ್ತುಶಿಲ್ಪಿಯು ನೋಡಿ ಒಪ್ಪುವವರೆಗೆ ಮುಚ್ಚಕೂಡದು ಎಂಬ ಷರತ್ತು ಒಪ್ಪಂದದಲ್ಲಿಯೇ ಇರುತ್ತದೆ. ಮುಚ್ಚುವುದಕ್ಕೆ ಇಷ್ಟು ದಿನ ಮೊದಲು ಗುತ್ತಿಗೆದಾರನು ಬರೆದು ತಿಳಿಸಬೇಕು. ತಿಳಿಸದೆ ಮುಚ್ಚಿದರೆ ಮತ್ತೆ ಬಿಚ್ಚಿ ತೋರಿಸುವ ಖರ್ಚು ಅವನದೇ. ಶಾಲೆಯ ಕೆಲಸದಲ್ಲಿ ಇಂತಹ ತಡೆಗಳಲ್ಲಿ ಮುಖ್ಯವಾದುದು ಟ್ರಸ್ಸಿನ ತುದಿಗಳದು.

ಇದಕ್ಕೆ ಕಾರಣವಿದೆ. ಮಾಡಿನ ಭಾರವೆಲ್ಲ ಟ್ರಸ್ಸಿನ ತುದಿಗಳ ಮೂಲಕವೇ ಗೋಡೆಗೆ ಇಳಿಯುತ್ತದೆ. ಅದೇ ತುದಿಗಳು ಗೋಡೆಯ ತೇವವನ್ನು ಹೀರಿಕೊಳ್ಳುತ್ತವೆ. ಗಾಳಿಯಾಡದ ಆ ಗೂಡಿನಲ್ಲಿ ಮರ ಕುಂಬಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಕೆಳಗೆ ನಿಂತು ನೋಡಿದವನಿಗೆ ತೊಲೆಯು ನೆಟ್ಟಗೆ, ಗಟ್ಟಿಯಾಗಿ ಕಾಣುತ್ತದೆ. ಮರದ ಅತ್ಯಂತ ದುರ್ಬಲವಾದ ಭಾಗವೂ ಅತ್ಯಂತ ಹೆಚ್ಚು ಹೊರೆ ಹೊರುವ ಭಾಗವೂ ಒಂದೇ ಆಗಿದ್ದು, ಅದು ಗೋಡೆಯೊಳಗೆ ಅವಿತಿರುತ್ತದೆ. ಆದುದರಿಂದ ಟ್ರಸ್ಸಿಗೆ ಕೆಳಗಿನಿಂದ ಆಸರೆ ಕೊಟ್ಟು, ತುದಿಯ ಸುತ್ತಲಿನ ಕಲ್ಲನ್ನು ಬಿಡಿಸಿ, ಮೊನೆಯಾದ ಉಳಿಯಿಂದ ಮರವನ್ನು ಚುಚ್ಚಿ ನೋಡಬೇಕು. ಗಟ್ಟಿ ಮರದಲ್ಲಿ ಮೊನೆ ಇಳಿಯದು, ತಟ್ಟಿದರೆ ಖಣಿಲೆನ್ನುತ್ತದೆ. ಕುಂಬಾದ ಮರದಲ್ಲಿ ಉಳಿಯು ಸಲೀಸಾಗಿ ಇಳಿಯುತ್ತದೆ. ತಟ್ಟಿದರೆ ಟೊಳ್ಳಾದ ಸದ್ದು ಬರುತ್ತದೆ.

ಮೇ ತಿಂಗಳ ಕೊನೆಯ ವಾರದಲ್ಲಿ ವಾಸ್ತುಶಿಲ್ಪಿಯವರು ಬಂದಾಗ ಹದಿನಾರು ತುದಿಗಳು ತೆರೆದಿದ್ದವು. ಉಳಿದ ನಾಲ್ಕನ್ನು ಹಿಂದಿನ ಶನಿವಾರವೇ ಗಾರೆ ಹಾಕಿ ಮುಚ್ಚಲಾಗಿತ್ತು.

“ಮೋಡ ಕಟ್ಟಿತ್ತು ಸ್ವಾಮಿ. ತೆರೆದ ಗೋಡೆಗೆ ನೀರು ಬಿದ್ದರೆ ಕಲ್ಲು ಸಡಿಲವಾಗುತ್ತದೆ ಎಂದು ಮುಚ್ಚಿಸಿದೆ. ಆ ನಾಲ್ಕೂ ಚೆನ್ನಾಗಿದ್ದವು, ನಾನೇ ನೋಡಿದ್ದೇನೆ” ಎಂದನು ಗುತ್ತಿಗೆದಾರ.

ಅವನ ಮಾತು ಸುಳ್ಳೆಂದು ಹೇಳುವಂತಿರಲಿಲ್ಲ. ಮೇಲ್ವಿಚಾರಕನ ದಿನಚರಿ ಪುಸ್ತಕದಲ್ಲಿ ಅಂದು ಮಧ್ಯಾಹ್ನ ಮೋಡ ಕವಿದುದು ದಾಖಲಾಗಿತ್ತು. ಆದರೆ ತುದಿಗಳನ್ನು ಚುಚ್ಚಿ ನೋಡಿದ ವಿಷಯ ಅಲ್ಲಿರಲಿಲ್ಲ. ವಾಸ್ತುಶಿಲ್ಪಿಯವರು ವಾದಕ್ಕೆ ಇಳಿಯಲಿಲ್ಲ. “ತಾಡಪಾಲು ಹೊದೆಸಿದ್ದರೆ ಸಾಕಾಗಿತ್ತು. ನಾಲ್ಕನ್ನೂ ತೆರೆಯಿಸಿರಿ” ಎಂದು ಹೇಳಿ, ಅದನ್ನೇ ಸೂಚನಾ ಪುಸ್ತಕದಲ್ಲಿ ಬರೆದು ಸಹಿ ಮಾಡಿದರು. ಮರುದಿನ ತೆರೆದಾಗ ಮೂರು ತುದಿಗಳು ಗಟ್ಟಿಯಾಗಿಯೇ ಇದ್ದವು. ನಾಲ್ಕನೆಯದು ಹೊರಮೈಯಲ್ಲಿ ಸರಿಯಾಗಿ ಕಂಡರೂ, ಉಳಿಯ ಮೊನೆ ಎರಡು ಅಂಗುಲದಷ್ಟು ಒಳಗಿಳಿಯಿತು. ಕುಂಬಾದ ಭಾಗವನ್ನು ಗಟ್ಟಿ ಮರ ಸಿಕ್ಕುವವರೆಗೆ ಕೊಯ್ದು ತೆಗೆದು, ಒಣಗಿ ಹದವಾದ ಹೊಸ ಮರವನ್ನು ಓರೆಯಾಗಿ ಕೂಡಿಸಿ, ಬೋಲ್ಟುಗಳಿಂದ ಬಿಗಿದು, ತುದಿಯ ಸುತ್ತ ಗಾಳಿಯಾಡುವಷ್ಟು ಸಂದು ಬಿಟ್ಟು ಕೂರಿಸಲಾಯಿತು. ಆ ಟ್ರಸ್ಸಿನ ಕೆಳಗೆ ಏಳನೆಯ ತರಗತಿಯ ಬೆಂಚುಗಳನ್ನು ಹಾಕುವುದಿತ್ತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ವಾಸ್ತುಶಿಲ್ಪಿಯವರು ಅಲ್ಲಿದ್ದ ಮೇಸ್ತ್ರಿಯನ್ನು ಕರೆದು ಗೋಡೆಯನ್ನು ಒಡೆಯಲು ನೇರವಾಗಿ ಹೇಳಲಿಲ್ಲ. ಸೂಚನೆಯು ಗುತ್ತಿಗೆದಾರನಿಗೇ ಹೋಯಿತು, ಅದೂ ಬರಹದಲ್ಲಿ. ಕೆಲಸಗಾರರನ್ನು ನಡೆಸುವ ಹೊಣೆ ಗುತ್ತಿಗೆದಾರನದು. ಬೇರೊಬ್ಬರು ಮೇಸ್ತ್ರಿಗೆ ಬಾಯಿಮಾತಿನ ಅಪ್ಪಣೆ ಕೊಟ್ಟರೆ, ಕೆಲಸ ಕೆಟ್ಟಾಗ ಹೊಣೆ ಯಾರದೆಂಬುದೇ ತಿಳಿಯದೆ ಹೋಗುತ್ತದೆ. ಸೂಚನಾ ಪುಸ್ತಕದಲ್ಲಿ ಪ್ರತಿಯೊಂದು ಹಾಳೆಗೂ ಮೂರು ಪ್ರತಿಗಳಿರುತ್ತವೆ. ಒಂದು ಗುತ್ತಿಗೆದಾರನಿಗೆ, ಒಂದು ಮೇಲ್ವಿಚಾರಕನಿಗೆ, ಒಂದು ವಾಸ್ತುಶಿಲ್ಪಿಯ ಕಚೇರಿಗೆ. ಅವಸರದಲ್ಲಿ ಬಾಯಿಮಾತಿನಲ್ಲಿ ಹೇಳಿದ್ದುಂಟಾದರೆ ಅದನ್ನೂ ಅಂದೇ ಬರೆದು ದೃಢಪಡಿಸುವುದು ವಾಡಿಕೆ.

ಮಾಡು ಬಿಚ್ಚಿದ ಮೇಲೆ ಮತ್ತೊಂದು ಪ್ರಶ್ನೆ ಎದ್ದಿತು. ಬದಲಾಯಿಸಬೇಕಾದ ಪಕ್ಕಾಸುಗಳು 40 ಎಂದು ಒಪ್ಪಂದದಲ್ಲಿ ಅಂದಾಜು ಮಾಡಲಾಗಿತ್ತು. ಹೆಂಚು ಇಳಿಸಿದ ಮೇಲೆ ಗುತ್ತಿಗೆದಾರನು 66 ಕೆಟ್ಟಿವೆ ಎಂದನು. ಸಮಿತಿಯವರಿಗೆ ಸಂಶಯ ಬಂದಿತು. ಇಂತಹ ಸಂಶಯವನ್ನು ಮಾತಿನಿಂದ ಕಳೆಯಲಾಗದು, ಎಣಿಕೆಯಿಂದ ಕಳೆಯಬೇಕು. ವಾಸ್ತುಶಿಲ್ಪಿಯವರು ಪ್ರತಿಯೊಂದು ಪಕ್ಕಾಸಿಗೂ ಬಣ್ಣದಲ್ಲಿ ಸಂಖ್ಯೆ ಬರೆಯಿಸಿ, ಮೇಲ್ವಿಚಾರಕನನ್ನೂ ಗುತ್ತಿಗೆದಾರನನ್ನೂ ಜೊತೆಯಲ್ಲಿ ಇರಿಸಿಕೊಂಡು ಒಂದೊಂದನ್ನೇ ಚುಚ್ಚಿ ನೋಡಿದರು. 57 ಪಕ್ಕಾಸುಗಳು ಕೆಟ್ಟಿದ್ದವು. ಉಳಿದ 9ರಲ್ಲಿ ಕರೆ ಹಿಡಿದಿತ್ತಲ್ಲದೆ ಮರ ಗಟ್ಟಿಯಾಗಿತ್ತು. ಯಾವ ಸಂಖ್ಯೆಯವು ಹೋಗಬೇಕು, ಯಾವುವು ಉಳಿಯಬೇಕು ಎಂಬ ಪಟ್ಟಿಗೆ ಮೂವರೂ ಅಲ್ಲಿಯೇ ಸಹಿ ಹಾಕಿದರು. ಹಳೆಯ ಪಕ್ಕಾಸುಗಳು ಸ್ಥಳದಿಂದ ಸಾಗಿಹೋದ ಮೇಲೆ ಈ ಲೆಕ್ಕವನ್ನು ಯಾರೂ ಮಾಡಲಾರರು. ಆದುದರಿಂದ ಅದು ಅಂದೇ ಆಗಬೇಕಿತ್ತು.

ಇನ್ನು ಪ್ರಮಾಣಪತ್ರದ ವಿಷಯ. ಗುತ್ತಿಗೆದಾರನಿಗೆ ಹಣವು ಕೆಲಸ ಮುಗಿದ ಮೇಲೆ ಒಮ್ಮೆಗೇ ಸಲ್ಲುವುದಿಲ್ಲ. ಕೆಲಸ ಸಾಗಿದಂತೆಲ್ಲ ಅವನು ಬಿಲ್ಲು ಕೊಡುತ್ತಾನೆ. ಅದನ್ನು ಪರಿಶೀಲಿಸಿ, ಇಷ್ಟು ಕೆಲಸ ಒಪ್ಪಂದದಂತೆ ಆಗಿದೆ, ಇಷ್ಟು ಹಣ ಸಲ್ಲತಕ್ಕದ್ದು ಎಂದು ವಾಸ್ತುಶಿಲ್ಪಿಯು ಬರೆದುಕೊಡುವುದೇ ಪ್ರಮಾಣಪತ್ರ. ಇದರ ಆಧಾರ ಅಳತೆ ಪುಸ್ತಕ. ಕಟ್ಟಡದಲ್ಲಿ ಅಳೆದ ಉದ್ದ, ಅಗಲ, ದಪ್ಪಗಳನ್ನು ಆ ಪುಸ್ತಕದಲ್ಲಿ ಸ್ಥಳದಲ್ಲಿಯೇ ಶಾಯಿಯಿಂದ ಬರೆಯುತ್ತಾರೆ. ಅದರ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರುತ್ತದೆ. ಒಂದು ಹಾಳೆಯನ್ನೂ ಹರಿಯುವಂತಿಲ್ಲ. ತಪ್ಪಾದ ಅಂಕಿಯನ್ನು ಅಳಿಸುವಂತಿಲ್ಲ. ಓದಲು ಬರುವಂತೆ ಅದರ ಮೇಲೊಂದು ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಸಹಿ ಹಾಕಬೇಕು. ಏನನ್ನು ತಿದ್ದಲಾಯಿತು ಎಂಬುದು ಕಾಣದಿದ್ದರೆ, ತಿದ್ದುಪಡಿಯು ಸತ್ಯಕ್ಕಾಗಿ ಆಯಿತೋ ಮೋಸಕ್ಕಾಗಿ ಆಯಿತೋ ತಿಳಿಯುವುದು ಹೇಗೆ?

ಜೂನ್ ಮೊದಲ ವಾರದಲ್ಲಿ ಗುತ್ತಿಗೆದಾರನು ತಂದ ಬಿಲ್ಲಿನಲ್ಲಿ ಆರಂಭದಿಂದ ಅಂದಿನವರೆಗಿನ ಕೆಲಸದ ಬೆಲೆ 13,50,000 ರೂಪಾಯಿ ಎಂದಿತ್ತು. ಅದರಲ್ಲಿ ಎರಡು ಬಾಬುಗಳು ವಾಸ್ತುಶಿಲ್ಪಿಯವರ ಗಮನ ಸೆಳೆದವು.

ಮೊದಲನೆಯದು ಪಕ್ಕಾಸುಗಳದು. ಬಿಲ್ಲಿನಲ್ಲಿ 66 ಎಂದೇ ಬರೆದಿತ್ತು. ಒಂದು ಪಕ್ಕಾಸಿನ ಉದ್ದ 4 ಮೀಟರು, ಅಗಲ 10 ಸೆಂಟಿಮೀಟರು, ದಪ್ಪ 5 ಸೆಂಟಿಮೀಟರು, ಅಂದರೆ 0.02 ಘನಮೀಟರು ಮರ. ಹೆಚ್ಚಾಗಿ ತೋರಿಸಿದ 9 ಪಕ್ಕಾಸುಗಳ ಮರ 0.18 ಘನಮೀಟರು. ಒಪ್ಪಂದದ ದರ ಘನಮೀಟರಿಗೆ 1,00,000 ರೂಪಾಯಿ ಇದ್ದುದರಿಂದ 18,000 ರೂಪಾಯಿ ಕಳೆಯಬೇಕಾಯಿತು. ಅಂದಾಜಿಗಿಂತ ಹೆಚ್ಚಾದ 17 ಪಕ್ಕಾಸುಗಳು ನಿಜವಾಗಿಯೂ ಬದಲಾಗಿದ್ದುದರಿಂದ ಅವುಗಳ ಹಣವನ್ನು ವಾಸ್ತುಶಿಲ್ಪಿಯವರು ಪೂರ್ತಿಯಾಗಿ ಒಪ್ಪಿದರು. ಸಮಿತಿಯ ಕೆಲವರಿಗೆ ಇದು ರುಚಿಸಲಿಲ್ಲ. ಆದರೆ ಸಹಿ ಹಾಕಿದ ಪಟ್ಟಿ ಅವರ ಎದುರಿಗಿತ್ತು.

ಎರಡನೆಯದು ಗಿಲಾವಿನದು. ಹೊರಗೋಡೆಯ 220 ಚದರಮೀಟರು ಗಿಲಾವಿಗೆ ಚದರಮೀಟರಿಗೆ 600 ರೂಪಾಯಿಯಂತೆ 1,32,000 ರೂಪಾಯಿ ಕೇಳಲಾಗಿತ್ತು. ಒಪ್ಪಂದದಲ್ಲಿದ್ದುದು ಸುಣ್ಣದ ಗಾರೆಯ ಗಿಲಾವು. ಜಂಬಿಟ್ಟಿಗೆಯ ಹಳೆಯ ಗೋಡೆ ಮಳೆಗಾಲದಲ್ಲಿ ತೇವವನ್ನು ಹೀರಿ, ಬಿಸಿಲು ಬಂದಾಗ ಹೊರಬಿಡುತ್ತದೆ. ಸುಣ್ಣದ ಗಿಲಾವು ಅದಕ್ಕೆ ಎಡೆ ಕೊಡುತ್ತದೆ. ಸಿಮೆಂಟಿನ ಗಟ್ಟಿ ಪೊರೆಯು ತೇವವನ್ನು ಒಳಗೇ ಹಿಡಿದಿಡುತ್ತದೆ. ಕೆಲವು ಮಳೆಗಾಲಗಳಲ್ಲಿ ಉಪ್ಪು ಮೂಡಿ, ಗಿಲಾವು ಹಲ್ಲೆಹಲ್ಲೆಯಾಗಿ ಕಳಚುತ್ತದೆ. ಒಳಗಿನ ಮರದ ತುದಿಗಳಿಗೂ ಅದೇ ತೇವ ತಗಲುತ್ತದೆ. ಗೋಡೆಯ ಬಣ್ಣ ತುಸು ಬೂದಿಯಾಗಿ ಕಂಡಿತು. ಹಾಕಿ ನಾಲ್ಕು ದಿನಗಳಷ್ಟೇ ಆಗಿದ್ದರೂ ಮೊಳೆಯಿಂದ ಗೀರಿದರೆ ಗೀರು ಬೀಳದಷ್ಟು ಗಟ್ಟಿಯಾಗಿತ್ತು. ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವ ಸುಣ್ಣಕ್ಕೆ ನಾಲ್ಕು ದಿನಗಳಲ್ಲಿ ಆ ಗಡಸುತನ ಬರದು.

ಕಣ್ಣಿನ ಸಾಕ್ಷಿ ಒಂದೇ ಸಾಲದೆಂದು ವಾಸ್ತುಶಿಲ್ಪಿಯವರು ಸಾಮಗ್ರಿಯ ದಾಖಲೆಯನ್ನು ತರಿಸಿದರು. ಒಳಬಂದ ಸಿಮೆಂಟು 52 ಚೀಲ, ಉಳಿದಿರುವುದು 4 ಚೀಲ. ಹಾಗಾದರೆ ಖರ್ಚಾದುದು 48. ಒಪ್ಪಂದದಂತೆ ಸಿಮೆಂಟು ಬೇಕಾಗಿದ್ದುದು ನೆಲಕ್ಕೆ ಮಾತ್ರ; ಅದಕ್ಕೆ ಹಿಡಿದುದು 30 ಚೀಲ. ಉಳಿದ 18 ಚೀಲಗಳು ಎಲ್ಲಿಗೆ ಹೋದವು? ಒಂದು ಭಾಗ ಸಿಮೆಂಟಿಗೆ ಆರು ಭಾಗ ಮರಳು ಬೆರೆಸಿ, 12 ಮಿಲಿಮೀಟರು ದಪ್ಪಕ್ಕೆ 220 ಚದರಮೀಟರು ಗಿಲಾವು ಮಾಡಲು, ಗೋಡೆಯ ಸಂದುಗಳಲ್ಲಿ ತುಂಬುವುದೂ ಸೇರಿ, ಹೆಚ್ಚುಕಡಿಮೆ ಅಷ್ಟೇ ಚೀಲಗಳು ಬೇಕು. ಗಿಲಾವಿನ ವಿಚಾರವೇ ಇಲ್ಲದ ಪುಸ್ತಕವೊಂದು, ಪ್ರತಿದಿನವೂ ತಪ್ಪದೆ ಬರೆದಿಟ್ಟಿದ್ದುದರಿಂದಲೇ, ಗಿಲಾವಿನ ಗುಟ್ಟನ್ನು ಹೇಳಿತು.

ಗುತ್ತಿಗೆದಾರನು ಮರೆಮಾಚಲಿಲ್ಲ. ಸುಣ್ಣದ ಗಾರೆ ಒಣಗುವುದಕ್ಕೆ ಮೊದಲೇ ಮಳೆ ಬಂದು ತೊಳೆದುಹೋದೀತೆಂದು ಹೆದರಿದುದಾಗಿಯೂ, ಪಕ್ಕಾಸುಗಳು ಹೆಚ್ಚಾದುದರಿಂದ ದಿನಗಳು ಕಳೆದುಹೋದುದಾಗಿಯೂ ಹೇಳಿದನು. ಈ ಮಾತಿನಲ್ಲಿ ಎರಡು ಭಾಗಗಳಿದ್ದವು. ವಾಸ್ತುಶಿಲ್ಪಿಯವರು ಎರಡನ್ನೂ ಬೇರೆಬೇರೆಯಾಗಿ ತೂಗಿದರು. ದಿನಗಳು ಕಳೆದುದು ನಿಜ. ಯಾರೂ ಕಾಣದಿದ್ದ ಕೆಟ್ಟ ಮರ ಅದಕ್ಕೆ ಕಾರಣ. ಆದುದರಿಂದ ಅವನಿಗೆ ಹೆಚ್ಚಿನ ಅವಧಿ ಕೊಡಬೇಕಾದುದು ನ್ಯಾಯ. ಆದರೆ ಒಪ್ಪಂದದ ವಸ್ತುವನ್ನು ತಾನಾಗಿ ಬದಲಾಯಿಸುವ ಅಧಿಕಾರ ಅವನಿಗಿರಲಿಲ್ಲ. ಸಿಮೆಂಟಿನ ಗಿಲಾವನ್ನು ಅವನ ಖರ್ಚಿನಲ್ಲಿಯೇ ತೆಗೆದು, ಮಳೆಗಾಲ ಕಳೆದ ಮೇಲೆ ಸುಣ್ಣದ ಗಿಲಾವು ಹಾಕುವುದು. ಅಲ್ಲಿಯವರೆಗೆ ಗಾಳಿಮಳೆ ಬಡಿಯುವ ಕಡೆ ತಡಿಕೆ ಕಟ್ಟಿ ಗೋಡೆಯನ್ನು ಕಾಯುವುದು ಎಂದು ಬರೆದುಕೊಟ್ಟರು.

ಹೀಗೆ 18,000 ಮತ್ತು 1,32,000, ಒಟ್ಟು 1,50,000 ರೂಪಾಯಿ ಕಳೆದ ಮೇಲೆ ಒಪ್ಪತಕ್ಕ ಬೆಲೆ 12,00,000 ರೂಪಾಯಿ ಆಯಿತು. ಒಪ್ಪಂದದಂತೆ ನೂರಕ್ಕೆ ಐದರಷ್ಟು, ಅಂದರೆ 60,000 ರೂಪಾಯಿಯನ್ನು ಭದ್ರತೆಗಾಗಿ ತಡೆಹಿಡಿಯಬೇಕು. ಉಳಿದ 11,40,000ದಲ್ಲಿ ಹಿಂದಿನ ಪ್ರಮಾಣಪತ್ರಗಳ ಮೂಲಕ ಸಂದಿದ್ದುದು 7,60,000. ಆದುದರಿಂದ ಈ ಬಾರಿ ಸಲ್ಲಬೇಕಾದುದು 3,80,000 ರೂಪಾಯಿ. ಪ್ರತಿಸಲವೂ ಹೀಗೆ ಆರಂಭದಿಂದ ಲೆಕ್ಕ ಹಾಕುವುದರಲ್ಲಿ ಒಂದು ಪ್ರಯೋಜನವುಂಟು. ಹಿಂದಿನ ಬಿಲ್ಲಿನಲ್ಲಿ ತಪ್ಪಿ ಒಪ್ಪಿದುದೇನಾದರೂ ಇದ್ದರೆ, ಕೆಲಸ ಮುಗಿಯುವ ಮೊದಲು ಅದನ್ನು ಸರಿಪಡಿಸಲು ಅವಕಾಶ ಉಳಿದಿರುತ್ತದೆ.

ಪ್ರಮಾಣಪತ್ರದ ಮೇಲಿನ ಸಹಿಯ ತೂಕವೇನೆಂಬುದನ್ನು ಇಂಗ್ಲೆಂಡಿನ ಒಂದು ಮೊಕದ್ದಮೆ ತೋರಿಸುತ್ತದೆ. ಮನೆಯೊಂದನ್ನು ಕಟ್ಟುವಾಗ ವಾಸ್ತುಶಿಲ್ಪಿಗಳು, ದೋಷವಿದ್ದ ಕೆಲಸಕ್ಕೂ ಹಣ ಸಲ್ಲುವಂತೆ ಪ್ರಮಾಣಪತ್ರ ಕೊಟ್ಟರು. ಮುಂದೆ ಕಂಟ್ರಾಕ್ಟರನು ದಿವಾಳಿಯಾದುದರಿಂದ, ಹೆಚ್ಚಾಗಿ ಕೊಟ್ಟ ಹಣವನ್ನು ಅವನಿಂದ ಪಡೆಯುವ ದಾರಿ ಮಾಲೀಕನಿಗೆ ಇಲ್ಲವಾಯಿತು. ಆತನು ವಾಸ್ತುಶಿಲ್ಪಿಗಳ ಮೇಲೆ ದಾವೆ ಹೂಡಿದನು. ಪ್ರಮಾಣಪತ್ರ ಕೊಡುವವನು ನ್ಯಾಯಾಧೀಶನಂತೆ ವರ್ತಿಸುವವನು, ಆದುದರಿಂದ ಅವನನ್ನು ಪ್ರಶ್ನಿಸಲಾಗದು ಎಂಬ ಭಾವನೆ ಅಲ್ಲಿ ಬಹುಕಾಲದಿಂದ ಇತ್ತು. ಸಟ್‌ಕ್ಲಿಫ್ ಮತ್ತು ಥ್ಯಾಕ್ರಾ ಎಂಬ ಹೆಸರಿನ ಈ ಮೊಕದ್ದಮೆಯಲ್ಲಿ 1974ರಲ್ಲಿ ಅಲ್ಲಿನ ಪ್ರಭುಸಭೆಯು ಆ ಭಾವನೆಯನ್ನು ತಳ್ಳಿಹಾಕಿತು. ಪ್ರಮಾಣಪತ್ರ ಕೊಡುವಾಗ ಅಜಾಗರೂಕತೆ ತೋರಿದರೆ ವಾಸ್ತುಶಿಲ್ಪಿಯು ಮಾಲೀಕನಿಗೆ ಹೊಣೆಗಾರನಾಗುತ್ತಾನೆ ಎಂಬುದು ಅದರ ತೀರ್ಪಿನ ಸಾರ. ಆದರೆ ಮಾಲೀಕನಿಂದ ಸಂಭಾವನೆ ಪಡೆಯುವುದರಿಂದ ಅವನ ಪರವಾಗಿಯೇ ಬರೆಯಬೇಕೆಂದು ಇದರ ಅರ್ಥವಲ್ಲ. ಒಪ್ಪಂದವನ್ನು ನಡೆಸುವಾಗ ನಿಷ್ಪಕ್ಷಪಾತದಿಂದ ವರ್ತಿಸಬೇಕೆಂದು ಭಾರತದ ವಾಸ್ತುಶಿಲ್ಪಿಗಳ 1989ರ ವೃತ್ತಿ ನಡತೆಯ ನಿಯಮಗಳು ವಿಧಿಸುತ್ತವೆ. ಒಂಬತ್ತು ಪಕ್ಕಾಸುಗಳನ್ನು ಕಳೆದ ಕೈಯೇ ಹದಿನೇಳನ್ನು ಒಪ್ಪಬೇಕಾದುದು ಇದರಿಂದಲೇ.

ದಾಖಲೆ ನಂಬಿಕೆಗೆ ಅರ್ಹವಾಗುವುದು ಹೇಗೆಂಬುದೂ ಈ ಪ್ರಸಂಗದಿಂದ ತಿಳಿಯುತ್ತದೆ. ಮೇಲ್ವಿಚಾರಕನ ದಿನಚರಿಯಲ್ಲಿ ಹವೆ, ಕೆಲಸಗಾರರ ಸಂಖ್ಯೆ, ಬಂದ ಸಾಮಗ್ರಿ, ಆದ ಕೆಲಸ ಇಷ್ಟೇ ಇರುತ್ತದೆ. ಆದರೆ ಅದು ಅಂದಂದೇ ಬರೆದುದಾಗಿರಬೇಕು. ವಾರದ ಕೊನೆಯಲ್ಲಿ ಆರು ದಿನಗಳದನ್ನು ನೆನೆದು ಒಟ್ಟಿಗೆ ಬರೆದರೆ ಶಾಯಿಯ ಬಣ್ಣವೂ ಅಕ್ಷರದ ಓಟವೂ ಒಂದೇ ಆಗಿ, ಅದು ನೆನಪಿನಿಂದ ಹುಟ್ಟಿದುದೆಂಬುದು ನೋಡಿದೊಡನೆ ಗೊತ್ತಾಗುತ್ತದೆ. ಛಾಯಾಚಿತ್ರಗಳೂ ಹಾಗೆಯೇ. ಇಂದು ಕೈಫೋನಿನಲ್ಲಿ ನೂರಾರು ಚಿತ್ರಗಳನ್ನು ತೆಗೆಯುವುದು ಸುಲಭ. ಆದರೆ ಬರಿಯ ಮರದ ತುದಿಯ ಚಿತ್ರವು ಇಪ್ಪತ್ತು ತುದಿಗಳಲ್ಲಿ ಯಾವುದರದೆಂದು ಹೇಳದು. ಆದುದರಿಂದ ತುದಿಯ ಪಕ್ಕದಲ್ಲಿ ಅಳತೆಯ ಪಟ್ಟಿಯನ್ನೂ, ಟ್ರಸ್ಸಿನ ಸಂಖ್ಯೆ ಮತ್ತು ದಿನಾಂಕ ಬರೆದ ಹಲಗೆಯನ್ನೂ ಇರಿಸಿ ಚಿತ್ರ ತೆಗೆಯಬೇಕು. ಅದೇ ಸಂಖ್ಯೆಯನ್ನು ನಕ್ಷೆಯಲ್ಲಿಯೂ ಗುರುತಿಸಬೇಕು.

ಮಳೆಗಾಲ ಕಳೆದು, ಸುಣ್ಣದ ಗಿಲಾವು ಮುಗಿದ ಮೇಲೆ ವಾಸ್ತುಶಿಲ್ಪಿಯವರು ಕೋಣೆ ಕೋಣೆಗೂ ಹೋಗಿ, ಉಳಿದ ಸಣ್ಣಪುಟ್ಟ ದೋಷಗಳ ಪಟ್ಟಿ ಮಾಡಿ, ಕೆಲಸ ಮುಗಿದುದಕ್ಕೆ ಪ್ರಮಾಣಪತ್ರ ಕೊಟ್ಟರು. ತಡೆಹಿಡಿದ ಹಣದಲ್ಲಿ ಅರ್ಧ ಆಗ ಬಿಡುಗಡೆಯಾಯಿತು. ಮಿಕ್ಕ ಅರ್ಧವು ಒಂದು ವರ್ಷದ ದೋಷಹೊಣೆಯ ಅವಧಿ ಮುಗಿದ ಮೇಲೆ ಸಲ್ಲುವುದು. ಮಾಡಿನ ನಿಜವಾದ ಪರೀಕ್ಷಕ ಮಳೆಯೇ ಆದುದರಿಂದ ಆ ಅವಧಿಯಲ್ಲಿ ಒಂದು ಪೂರ್ಣ ಮಳೆಗಾಲ ಸೇರಿರುವಂತೆ ನೋಡಿಕೊಳ್ಳಲಾಗಿತ್ತು.

ಕೊನೆಯಲ್ಲಿ ಶಾಲೆಯ ಕಚೇರಿಗೆ ಒಂದು ಕಡತ ಬಂದಿತು. ಅದರಲ್ಲಿ ಕಟ್ಟಡವು ಈಗ ಹೇಗಿದೆಯೋ ಹಾಗೆ ತೋರಿಸುವ ನಕ್ಷೆಗಳಿವೆ, ಪಕ್ಕಾಸುಗಳ ಪಟ್ಟಿಯಿದೆ, ಇಪ್ಪತ್ತು ತುದಿಗಳ ಚಿತ್ರಗಳಿವೆ. ಯಾವ ಟ್ರಸ್ಸಿನ ಯಾವ ತುದಿಗೆ ಹೊಸ ಮರ ಕೂಡಿಸಿದೆ, ಬೋಲ್ಟುಗಳು ಎಲ್ಲಿವೆ, ಗೋಡೆಗೆ ಯಾವ ಗಾರೆ ಬಳಿದಿದೆ ಎಂಬುದನ್ನು ಅದು ಹೇಳುತ್ತದೆ. ಮುಂದೊಂದು ದಿನ ಆ ಮಾಡನ್ನು ಮತ್ತೆ ಬಿಚ್ಚಬೇಕಾಗಿ ಬಂದಾಗ, ಈಗಿನ ಸಮಿತಿಯವರಾಗಲಿ ಗುತ್ತಿಗೆದಾರನಾಗಲಿ ಅಲ್ಲಿರುತ್ತಾರೆಂದು ಹೇಳುವಂತಿಲ್ಲ. ಆಗ ಏಣಿ ಹತ್ತುವ ಮೇಸ್ತ್ರಿಯು ಯಾವ ತುದಿಯ ಕೆಳಗೆ ಮೊದಲು ಆಸರೆ ಕೊಡಬೇಕೆಂಬುದನ್ನು ಆ ಕಡತವನ್ನು ನೋಡಿ ತಿಳಿದುಕೊಳ್ಳಬೇಕು.